ಮಸೂರದ ಲೆಕ್ಕದಲ್ಲಿ ಪ್ಲಸ್ ಎಲ್ಲಿ, ಮೈನಸ್ ಎಲ್ಲಿ?

ಹತ್ತನೇ ತರಗತಿ ವಿಜ್ಞಾನದ ಬೆಳಕಿನ ಪಾಠದಲ್ಲಿ ಒಂದು ಅಭ್ಯಾಸದ ಪ್ರಶ್ನೆ ಇದೆ. 15 ಸೆಂ.ಮೀ ಸಂಗಮದೂರದ ನಿಮ್ನ ಮಸೂರವೊಂದು ತನ್ನಿಂದ 10 ಸೆಂ.ಮೀ ದೂರದಲ್ಲಿ ಪ್ರತಿಬಿಂಬ ಉಂಟುಮಾಡುತ್ತದೆ. ವಸ್ತು ಮಸೂರದಿಂದ ಎಷ್ಟು ದೂರದಲ್ಲಿದೆ? ಕಿರಣಚಿತ್ರ ಬರೆಯಿರಿ. ಅಷ್ಟೇ ಪ್ರಶ್ನೆ. ಇದೇ ಮಾದರಿ, ಅಂಕಿಗಳು ಮಾತ್ರ ಬದಲಾಗಿ, ಬೋರ್ಡ್ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಕೊಟ್ಟಿರುವುದು ಎರಡೇ ಅಂಕಿ, 15 ಮತ್ತು 10. ಆದರೆ ಈ ಎರಡು ಅಂಕಿಗಳಿಂದ ನಾಲ್ಕು ಬೇರೆ ಬೇರೆ ಉತ್ತರ ಬರುತ್ತವೆ. ಸೂತ್ರ ಎಲ್ಲರದ್ದೂ ಒಂದೇ, ಭಿನ್ನರಾಶಿಯ ಲೆಕ್ಕವೂ ಎಲ್ಲರದ್ದೂ ಸರಿ. ಬೇರೆಯಾಗಿರುವುದು ಚಿಹ್ನೆ ಮಾತ್ರ. ನೋಡಿ:

```
1/u = 1/v - 1/f

f = +15, v = +10  ->  u = +30
f = -15, v = +10  ->  u = +6
f = +15, v = -10  ->  u = -6
f = -15, v = -10  ->  u = -30
```

ಸರಿಯಾದದ್ದು ಕೊನೆಯದು. ಅಂದರೆ ವಸ್ತು ಮಸೂರದ ಎಡಕ್ಕೆ 30 ಸೆಂ.ಮೀ ದೂರದಲ್ಲಿದೆ. ಮೊದಲನೇ ಸಾಲನ್ನು ಸ್ವಲ್ಪ ಗಮನಿಸಿ. ಚಿಹ್ನೆಯನ್ನೇ ಹಾಕದೆ ಸುಮ್ನೆ ಅಂಕಿ ತುಂಬಿದವರಿಗೂ 30 ಬಂದಿದೆ! ಅದಕ್ಕೇ ಈ ಪ್ರಶ್ನೆ ಅಪಾಯಕಾರಿ. ಪುಸ್ತಕದ ಹಿಂದಿನ ಉತ್ತರ ನೋಡಿ "ಬಂತಲ್ಲ" ಅಂದುಕೊಂಡು ಮುಂದೆ ಹೋಗುತ್ತಾರೆ, ಮುಂದಿನ ಲೆಕ್ಕದಲ್ಲಿ ಅದೇ ದಾರಿ ಹಿಡಿದಾಗ ಉತ್ತರ ಎಲ್ಲಿಗೋ ಹೋಗುತ್ತದೆ.

ಮೂರನೇ ಸಾಲು ಇನ್ನೂ ಮೋಸದ್ದು. ಅಲ್ಲಿ u ಮೈನಸ್ ಬಂದಿದೆ, ನೋಡಲು ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ವಸ್ತು 6 ಸೆಂ.ಮೀ ದೂರದಲ್ಲಿ, ಪ್ರತಿಬಿಂಬ 10 ಸೆಂ.ಮೀ ದೂರದಲ್ಲಿ ಅಂದರೆ ಪ್ರತಿಬಿಂಬ ವಸ್ತುವಿಗಿಂತ ದೊಡ್ಡದು ಅಂತಾಯಿತು. ನಿಜವಾದ ವಸ್ತುವಿನ ಪ್ರತಿಬಿಂಬವನ್ನು ನಿಮ್ನ ಮಸೂರ ಯಾವತ್ತೂ ದೊಡ್ಡದು ಮಾಡುವುದಿಲ್ಲ. ಯಾರೋ ಪೀನ ಮಸೂರದ ಲೆಕ್ಕ ಮಾಡಿ ನಿಮ್ನ ಮಸೂರದ ಹೆಸರು ಬರೆದ ಹಾಗಾಯಿತು. ಈ ತಪ್ಪು ಸೂತ್ರವನ್ನು ನೋಡುತ್ತಾ ಕೂತರೆ ಸಿಗುವುದಿಲ್ಲ, ಪಕ್ಕದಲ್ಲಿ ಒಂದು ಕಚ್ಚಾ ಚಿತ್ರ ಇದ್ದರೆ ತಕ್ಷಣ ಸಿಗುತ್ತದೆ. ನಾನು ಹೇಳಬೇಕೆಂದಿರುವುದು ಇದನ್ನೇ: ಚಿಹ್ನೆಗಳನ್ನು ಬಾಯಿಪಾಠ ಮಾಡಬೇಡಿ, ಚಿತ್ರದಿಂದ ಓದಿಕೊಳ್ಳಿ. ಚಿತ್ರ ಬರೆಯುವ ಅರ್ಧ ನಿಮಿಷದಲ್ಲೇ ಲೆಕ್ಕದ ಕಷ್ಟದ ಭಾಗ ಮುಗಿದಿರುತ್ತದೆ.

ನಿಯಮ ಇರುವುದು ಗ್ರಾಫ್ ಹಾಳೆಯಲ್ಲಿ

ಹೊಸ ಕಾರ್ಟೀಸಿಯನ್ ಚಿಹ್ನೆಗಳ ಪದ್ಧತಿ ಅಂತ ಪುಸ್ತಕದಲ್ಲಿ ದೊಡ್ಡ ಹೆಸರಿದೆ, ಆದರೆ ಇದು ನೀವು ಗಣಿತದಲ್ಲಿ ಮಾಡಿದ x, y ಅಕ್ಷಗಳೇ. ಮಸೂರದ ನಡುಬಿಂದು O ಅನ್ನು ಮೂಲಬಿಂದು ಅಂತ ಇಟ್ಟುಕೊಳ್ಳಿ. ಪ್ರಧಾನ ಅಕ್ಷ ಅಂದರೆ x ಅಕ್ಷ. ಬಲಕ್ಕೆ ಅಳೆದರೆ ಪ್ಲಸ್, ಎಡಕ್ಕೆ ಅಳೆದರೆ ಮೈನಸ್. ಅಕ್ಷದ ಮೇಲಕ್ಕೆ ಪ್ಲಸ್, ಕೆಳಕ್ಕೆ ಮೈನಸ್. ಎಲ್ಲ ದೂರವನ್ನೂ O ಇಂದಲೇ ಅಳೆಯಬೇಕು. ಇದರ ಜೊತೆ ಇನ್ನೊಂದೇ ಒಂದು ಒಪ್ಪಂದ: ವಸ್ತುವನ್ನು ಯಾವಾಗಲೂ ಎಡಕ್ಕೆ ಇಡುತ್ತೇವೆ, ಬೆಳಕು ಎಡದಿಂದ ಬಲಕ್ಕೆ ಹೋಗುತ್ತದೆ.

ಇಷ್ಟು ಒಪ್ಪಿಕೊಂಡ ಮೇಲೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ವಸ್ತು ಎಡಕ್ಕಿದೆ, ಹಾಗಾಗಿ ಹತ್ತನೇ ತರಗತಿಯ ಎಲ್ಲ ಲೆಕ್ಕಗಳಲ್ಲೂ u ಮೈನಸ್. ಪೀನ ಮಸೂರಕ್ಕೆ ಅಕ್ಷಕ್ಕೆ ಸಮಾಂತರವಾಗಿ ಬಂದ ಕಿರಣಗಳು ಮಸೂರ ದಾಟಿ ಬಲಗಡೆ ನಿಜವಾಗಿಯೂ ಒಂದು ಬಿಂದುವಿನಲ್ಲಿ ಸೇರುತ್ತವೆ, ಹಾಗಾಗಿ f ಪ್ಲಸ್. ನಿಮ್ನ ಮಸೂರದಲ್ಲಿ ಅದೇ ಕಿರಣಗಳು ಚದುರಿ ಹೋಗುತ್ತವೆ, ಹಿಂದಕ್ಕೆ ಎಳೆದು ನೋಡಿದರೆ ಎಡಗಡೆಯ ಒಂದು ಬಿಂದುವಿನಿಂದ ಬಂದ ಹಾಗೆ ಕಾಣುತ್ತವೆ, ಹಾಗಾಗಿ f ಮೈನಸ್. ಮಸೂರಕ್ಕೆ ಎರಡೂ ಬದಿಯಲ್ಲಿ F1, F2 ಅಂತ ಎರಡು ಸಂಗಮಬಿಂದು ಇವೆಯಲ್ಲ, ಯಾವುದರ ದೂರವನ್ನು f ಅಂತ ತಗೊಳ್ಳಬೇಕು ಅನ್ನುವ ಗೊಂದಲಕ್ಕೂ ಇಲ್ಲೇ ಉತ್ತರ ಇದೆ. ಸಮಾಂತರ ಕಿರಣಗಳು ಸೇರುವ, ಅಥವಾ ಸೇರಿದಂತೆ ಕಾಣುವ ಬಿಂದು ಯಾವುದೋ ಅದರ ದೂರ.

ಇಲ್ಲಿ ದರ್ಪಣ ಬಂದು ತಲೆ ಕೆಡಿಸುತ್ತದೆ. ನಿಮ್ನ ದರ್ಪಣಕ್ಕೂ f ಮೈನಸ್, ನಿಮ್ನ ಮಸೂರಕ್ಕೂ f ಮೈನಸ್, ಸರಿ, "ನಿಮ್ನ ಅಂದರೆ ಮೈನಸ್" ಅಂತ ನೆನಪಿಟ್ಟುಕೊಂಡರೆ ಉತ್ತರವೇನೋ ಸರಿ ಬರುತ್ತದೆ. ಆದರೆ ಇವೆರಡರ ಕೆಲಸ ಪೂರ್ತಿ ಉಲ್ಟಾ. ನಿಮ್ನ ದರ್ಪಣ ಬೆಳಕನ್ನು ಒಂದೆಡೆ ಸೇರಿಸುತ್ತದೆ, ನಿಮ್ನ ಮಸೂರ ಚದುರಿಸುತ್ತದೆ. ದರ್ಪಣದಲ್ಲಿ ಬೆಳಕು ಎಡಕ್ಕೇ ವಾಪಸ್ ಬರುವುದರಿಂದ ಸೇರುವ ಜಾಗವೂ ಎಡಕ್ಕೆ ಬಿದ್ದಿದೆ, ಅದಕ್ಕೆ ಅಲ್ಲಿ ಮೈನಸ್. ಬರೀ ಹೆಸರು ನೆನಪಿಟ್ಟುಕೊಂಡವರು v ವಿಷಯ ಬಂದಾಗ ಸಿಕ್ಕಿಹಾಕಿಕೊಳ್ಳುತ್ತಾರೆ: ದರ್ಪಣದ ಸತ್ಯ ಪ್ರತಿಬಿಂಬಕ್ಕೆ v ಮೈನಸ್, ಮಸೂರದ ಸತ್ಯ ಪ್ರತಿಬಿಂಬಕ್ಕೆ v ಪ್ಲಸ್. ಬೆಳಕು ಎಲ್ಲಿಗೆ ಹೋಗಿ ಸೇರಿತು ಅಂತ ನೋಡಿದರೆ ನೆನಪಿಡುವ ಕೆಲಸವೇ ಇಲ್ಲ.

ಸೂತ್ರದಲ್ಲಿ ಆ ಮೈನಸ್ ಯಾಕಿದೆ?

ದರ್ಪಣದ ಸೂತ್ರದಲ್ಲಿ ಕೂಡಿಸುತ್ತೇವೆ, ಮಸೂರದ ಸೂತ್ರದಲ್ಲಿ ಕಳೆಯುತ್ತೇವೆ. ಯಾಕೆ ಅಂತ ಒಂದು ಸಲ ನೋಡಿಬಿಟ್ಟರೆ "ಸೂತ್ರದಲ್ಲೇ ಮೈನಸ್ ಇದೆಯಲ್ಲ, ನಾನು ಮತ್ತೆ u ಗೆ ಯಾಕೆ ಮೈನಸ್ ಹಾಕಬೇಕು" ಅನ್ನುವ ಅನುಮಾನ ಶಾಶ್ವತವಾಗಿ ಹೋಗುತ್ತದೆ. ಈ ಅನುಮಾನ ತುಂಬಾ ಮಕ್ಕಳಿಗಿದೆ, ನ್ಯಾಯವಾದದ್ದೇ.

ಪೀನ ಮಸೂರ ತಗೊಳ್ಳಿ. ಎಡಕ್ಕೆ ನೆಟ್ಟಗೆ ನಿಂತ ವಸ್ತು, ಬಲಕ್ಕೆ ತಲೆಕೆಳಗಾದ ಪ್ರತಿಬಿಂಬ. ಸದ್ಯಕ್ಕೆ ಚಿಹ್ನೆ ಮರೆತುಬಿಡಿ, ಸ್ಕೇಲಿನಲ್ಲಿ ಅಳೆದ ಉದ್ದಗಳು ಮಾತ್ರ ಇರಲಿ. ವಸ್ತುವಿನ ದೂರ U, ಪ್ರತಿಬಿಂಬದ ದೂರ V, ಸಂಗಮದೂರ F. ನಡುಬಿಂದುವಿನ ಮೂಲಕ ನೇರ ಹೋಗುವ ಕಿರಣ ಎರಡು ಸಮರೂಪ ತ್ರಿಭುಜ ಮಾಡುತ್ತದೆ, ಅದರಿಂದ ವಸ್ತುವಿನ ಎತ್ತರಕ್ಕೂ ಪ್ರತಿಬಿಂಬದ ಎತ್ತರಕ್ಕೂ ಇರುವ ಅನುಪಾತ U/V. ಇನ್ನೊಂದು ಕಿರಣ ಅಕ್ಷಕ್ಕೆ ಸಮಾಂತರವಾಗಿ ಬಂದು, ವಸ್ತುವಿನಷ್ಟೇ ಎತ್ತರದಲ್ಲಿ ಮಸೂರಕ್ಕೆ ತಾಗಿ, F2 ಮೂಲಕ ಕೆಳಗಿಳಿಯುತ್ತದೆ. ಅದೂ ಎರಡು ಸಮರೂಪ ತ್ರಿಭುಜ ಮಾಡುತ್ತದೆ, ಅದರಿಂದ ಅದೇ ಅನುಪಾತ F/(V - F). ಎರಡನ್ನೂ ಸಮ ಮಾಡಿ ಬಿಡಿಸಿದರೆ:

```
U/V = F/(V - F)
UV - UF = VF
1/F = 1/U + 1/V
```

ನೋಡಿದಿರಾ, ಬರೀ ಉದ್ದಗಳ ಸಂಬಂಧದಲ್ಲಿ ಮೈನಸ್ಸೇ ಇಲ್ಲ. ಈಗ ಚಿಹ್ನೆ ತನ್ನಿ. ಪ್ರತಿಬಿಂಬ ಬಲಕ್ಕಿದೆ, V ಹೋಗಿ +v ಆಯಿತು. F ಹೋಗಿ +f ಆಯಿತು. ವಸ್ತು ಎಡಕ್ಕಿದೆ, ಹಾಗಾಗಿ u ಒಂದು ಋಣ ಸಂಖ್ಯೆ, ಅದರ ಉದ್ದ U ಅಂದರೆ -u. ಅದನ್ನು ತುಂಬಿದರೆ `1/f = 1/v - 1/u`. ಸೂತ್ರದ ಮೈನಸ್ ಅಲ್ಲಿ ಕೂತಿರುವುದೇ ನೀವು ಹಾಕುವ ಮೈನಸ್ಸಿಗಾಗಿ ಕಾಯುತ್ತಾ. ನೀವು u ಗೆ ಮೈನಸ್ ಹಾಕದೇ ಹೋದರೆ ಕೂಡಿಸಬೇಕಾದ ಜಾಗದಲ್ಲಿ ಕಳೆದುಬಿಡುತ್ತೀರಿ.

ದರ್ಪಣಕ್ಕೂ ಉದ್ದಗಳ ಸಂಬಂಧ ಇದೇ. ಆದರೆ ನಿಮ್ನ ದರ್ಪಣದ ಸತ್ಯ ಪ್ರತಿಬಿಂಬದಲ್ಲಿ ವಸ್ತು, ಪ್ರತಿಬಿಂಬ, ಸಂಗಮಬಿಂದು ಮೂರೂ ಎಡಗಡೆ. ಮೂರಕ್ಕೂ ಮೈನಸ್ ಬಂದು ಎರಡೂ ಬದಿಯಲ್ಲಿ ಹೊಡೆದುಹೋಗುತ್ತದೆ, ಕೂಡುವ ಚಿಹ್ನೆ ಹಾಗೇ ಉಳಿಯುತ್ತದೆ. ಎರಡು ಸೂತ್ರಗಳ ನಡುವೆ ಇರುವ ವ್ಯತ್ಯಾಸ ಇಷ್ಟೇ.

ವರ್ಧನೆಯದ್ದೂ ಇದೇ ಕಥೆ. ಮಸೂರಕ್ಕೆ `m = v/u`, ದರ್ಪಣಕ್ಕೆ `m = -v/u`. ಮಸೂರದ ಸತ್ಯ ಪ್ರತಿಬಿಂಬದಲ್ಲಿ v ಪ್ಲಸ್, u ಮೈನಸ್, ಭಾಗಿಸಿದರೆ ತಾನಾಗಿ ಮೈನಸ್ ಬರುತ್ತದೆ, ಪ್ರತಿಬಿಂಬ ತಲೆಕೆಳಗು ಅಂತ ಅರ್ಥ. ದರ್ಪಣದಲ್ಲಿ ಎರಡೂ ಮೈನಸ್ ಆದ್ದರಿಂದ ಭಾಗಿಸಿದರೆ ಪ್ಲಸ್ ಬಂದುಬಿಡುತ್ತದೆ, ತಲೆಕೆಳಗು ಅಂತ ತೋರಿಸಲು ಹೊರಗಿನಿಂದ ಒಂದು ಮೈನಸ್ ಹಾಕಬೇಕಾಯಿತು.

ಇನ್ನೊಂದು ಮಾತು. ಇಂಟರ್ನೆಟ್ಟಿನಲ್ಲಿ ಹೊರದೇಶದ ಪಾಠಗಳನ್ನು ನೋಡಿದರೆ ಮಸೂರಕ್ಕೂ `1/f = 1/u + 1/v` ಅಂತಲೇ ಇರುತ್ತದೆ. ಅದು ತಪ್ಪಲ್ಲ. ಅವರ ಪದ್ಧತಿಯಲ್ಲಿ ನಿಜವಾದ ವಸ್ತು ಮತ್ತು ಸತ್ಯ ಪ್ರತಿಬಿಂಬದ ದೂರಗಳೆಲ್ಲ ಪ್ಲಸ್, ಮಿಥ್ಯ ಪ್ರತಿಬಿಂಬದ ದೂರ ಮೈನಸ್. ಆ ಸೂತ್ರ ಆ ಪದ್ಧತಿಯ ಜೊತೆ ಸರಿ, ನಮ್ಮ ಸೂತ್ರ ನಮ್ಮ ಪದ್ಧತಿಯ ಜೊತೆ ಸರಿ. ಅಲ್ಲಿಯ ಸೂತ್ರ ತಂದು ಇಲ್ಲಿಯ ಚಿಹ್ನೆ ಹಾಕಿದರೆ ಮಾತ್ರ ಎಲ್ಲ ಕೆಡುತ್ತದೆ. ನಮ್ಮ ಪರೀಕ್ಷೆಗೆ ನಮ್ಮ ಪುಸ್ತಕದ ಪದ್ಧತಿಯನ್ನೇ ಹಿಡಿಯಿರಿ.

ಚಿತ್ರವನ್ನು ಅಳತೆಗೆ ಬರೆದರೆ ಉತ್ತರ ಅದರಲ್ಲೇ ಸಿಗುತ್ತದೆ

ಪುಸ್ತಕದ ಬಿಡಿಸಿದ ಉದಾಹರಣೆಯೊಂದನ್ನು ತಗೊಳ್ಳೋಣ. 2 ಸೆಂ.ಮೀ ಎತ್ತರದ ವಸ್ತು, 10 ಸೆಂ.ಮೀ ಸಂಗಮದೂರದ ಪೀನ ಮಸೂರ, ವಸ್ತು ಮಸೂರದಿಂದ 15 ಸೆಂ.ಮೀ ದೂರ. ಪ್ರತಿಬಿಂಬದ ಸ್ಥಾನ, ಗಾತ್ರ, ಸ್ವಭಾವ ಹೇಳಬೇಕು.

ಮೊದಲು ಪೆನ್ಸಿಲ್ ಹಿಡಿಯಿರಿ. ಅಡ್ಡಕ್ಕೆ 5 ಸೆಂ.ಮೀಗೆ ಹಾಳೆಯ ಮೇಲೆ 1 ಸೆಂ.ಮೀ ಅಂತ ಪ್ರಮಾಣ ಇಟ್ಟುಕೊಳ್ಳಿ. ಉದ್ದ ಗೆರೆಯೊಂದು ಪ್ರಧಾನ ಅಕ್ಷ, ಅದರ ಮೇಲೆ O. ಎರಡೂ ಬದಿಗೆ 2 ಸೆಂ.ಮೀ ದೂರದಲ್ಲಿ F1, F2. 4 ಸೆಂ.ಮೀ ದೂರದಲ್ಲಿ 2F1, 2F2. ವಸ್ತು ಎಡಕ್ಕೆ 3 ಸೆಂ.ಮೀ ದೂರದಲ್ಲಿ, ಅಂದರೆ ಸರಿಯಾಗಿ F1 ಮತ್ತು 2F1 ನಡುವೆ. ಎತ್ತರವನ್ನು ಮಾತ್ರ ಇದ್ದದ್ದು ಇದ್ದ ಹಾಗೆ 2 ಸೆಂ.ಮೀ ಬರೆಯಿರಿ. ಅಡ್ಡಕ್ಕೆ ಒಂದು ಪ್ರಮಾಣ, ಉದ್ದಕ್ಕೆ ಇನ್ನೊಂದು ಪ್ರಮಾಣ ಇಟ್ಟರೆ ತೊಂದರೆ ಇಲ್ಲ, ನೇರ ಗೆರೆ ನೇರ ಗೆರೆಯಾಗಿಯೇ ಇರುತ್ತದೆ, ಆದರೆ ಅಳೆದ ಎತ್ತರವನ್ನು ಉದ್ದದ ಪ್ರಮಾಣದಿಂದಲೇ ಓದಬೇಕು.

ಈಗ ಎರಡು ಕಿರಣ ಸಾಕು. ವಸ್ತುವಿನ ತುದಿಯಿಂದ ಅಕ್ಷಕ್ಕೆ ಸಮಾಂತರವಾಗಿ ಒಂದು, ಅದು ಮಸೂರ ದಾಟಿ F2 ಮೂಲಕ ಹೋಗುತ್ತದೆ. ಅದೇ ತುದಿಯಿಂದ O ಮೂಲಕ ಇನ್ನೊಂದು, ಅದು ಬಾಗುವುದಿಲ್ಲ. ಎರಡೂ ಬಲಗಡೆ 6 ಸೆಂ.ಮೀ ದೂರದಲ್ಲಿ, ಅಕ್ಷದಿಂದ 4 ಸೆಂ.ಮೀ ಕೆಳಗೆ ಸೇರುತ್ತವೆ. ಪ್ರಮಾಣದ ಪ್ರಕಾರ 6 ಅಂದರೆ 30 ಸೆಂ.ಮೀ. ಇನ್ನೂ ಸೂತ್ರ ಮುಟ್ಟಿಲ್ಲ, ಆಗಲೇ v = +30, ಪ್ರತಿಬಿಂಬದ ಎತ್ತರ -4 ಅಂತ ಗೊತ್ತಾಯಿತು. ಸೂತ್ರ ಹಾಕಿದಾಗ ಅದೇ ಬರಬೇಕು:

```
u = -15, f = +10, h = +2
1/v = 1/f + 1/u = 1/10 - 1/15 = 1/30
v = +30
m = v/u = 30/(-15) = -2
h' = m × h = -4
```

ಚಿತ್ರ ಕೆಡುವುದು ಸಾಮಾನ್ಯವಾಗಿ ಮಸೂರದ ಹೊಟ್ಟೆಯಲ್ಲಿ. ಮಸೂರವನ್ನು ದಪ್ಪಗೆ ಬರೆದು, ಕಿರಣ ಅದರ ಎಡ ಮೈಗೆ ತಾಗಿದಾಗಲೇ ಬಾಗಿಸುತ್ತಾರೆ, ಆಗ ಪ್ರತಿಬಿಂಬ ಅರ್ಧ ಸೆಂ.ಮೀ ಆಚೀಚೆ ಹೋಗುತ್ತದೆ. ಈ ಸೂತ್ರ ತೆಳು ಮಸೂರಕ್ಕೆ ಮಾತ್ರ. ಹಾಗಾಗಿ O ಮೂಲಕ ನೆಟ್ಟಗೆ ಒಂದು ಗೆರೆ ಎಳೆದುಕೊಂಡು, ಕಿರಣ ಆ ಗೆರೆಗೆ ತಾಗಿದಾಗ ಬಾಗಿಸಿ, ಮಸೂರದ ಆಕಾರವನ್ನು ಅದರ ಸುತ್ತ ತೆಳ್ಳಗೆ ಬರೆಯಿರಿ. ಇನ್ನು ಬಾಣಗಳು. ಬಾಣವಿಲ್ಲದ ಗೆರೆ ಕಿರಣ ಅಲ್ಲ, ಬರೀ ಗೆರೆ. ಚಿತ್ರ ಸರಿ ಇದ್ದೂ ಬಾಣ ಮರೆತು ಅಂಕ ಬಿಟ್ಟುಕೊಡುವುದು ನಿಜಕ್ಕೂ ಬೇಜಾರಿನ ವಿಷಯ.

ಈಗ ಮೊದಲನೇ ಪ್ರಶ್ನೆಗೆ ಬನ್ನಿ, ಆ ನಿಮ್ನ ಮಸೂರಕ್ಕೆ. ಅಲ್ಲಿ ವಸ್ತು ಎಲ್ಲಿದೆ ಅಂತ ಗೊತ್ತಿಲ್ಲ, ಆದರೂ ಕಚ್ಚಾ ಚಿತ್ರ ಬರೆಯಬಹುದು. ನಿಮ್ನ ಮಸೂರ ಅಂದಮೇಲೆ ಪ್ರತಿಬಿಂಬ ವಸ್ತುವಿನ ಕಡೆಯೇ, F1 ಮತ್ತು O ನಡುವೆ, ನೇರ, ಮಿಥ್ಯ ಮತ್ತು ಚಿಕ್ಕದು. ಅಷ್ಟರಿಂದಲೇ v = -10 ಅಂತ ಸಿಕ್ಕಿತು, ಪ್ರಶ್ನೆಯಲ್ಲಿ ಮೈನಸ್ ಅಂತ ಬರೆದಿಲ್ಲದಿದ್ದರೂ. f = -15 ಗೊತ್ತೇ ಇದೆ. ವಸ್ತು ಪ್ರತಿಬಿಂಬಕ್ಕಿಂತ ದೂರ ಇರಬೇಕು ಅನ್ನುವುದೂ ಚಿತ್ರದಲ್ಲೇ ಕಂಡಿತು, ಹಾಗಾಗಿ 6 ಅಂತ ಬಂದ ಉತ್ತರಗಳೆಲ್ಲ ಅಲ್ಲೇ ಬಿದ್ದುಹೋದವು. ಲೆಕ್ಕ ಮಾಡಿ u = -30 ಬಂದ ಮೇಲೆ ಅಳತೆಗೆ ಬರೆಯಿರಿ: ಅದೇ 5ಕ್ಕೆ 1ರ ಪ್ರಮಾಣದಲ್ಲಿ ವಸ್ತು 6 ಸೆಂ.ಮೀ ಎಡಕ್ಕೆ, ಎತ್ತರ 3 ಸೆಂ.ಮೀ ಇರಲಿ, F1 ಎಡಕ್ಕೆ 3 ಸೆಂ.ಮೀ. ಸಮಾಂತರ ಕಿರಣ ಮಸೂರಕ್ಕೆ ತಾಗಿ ಮೇಲಕ್ಕೆ ಚದುರುತ್ತದೆ, ಅದನ್ನು F1 ಗೆ ಚುಕ್ಕಿ ಗೆರೆಯಲ್ಲಿ ಹಿಂದಕ್ಕೆ ಎಳೆಯಿರಿ. O ಮೂಲಕ ಹೋಗುವ ಕಿರಣ ಆ ಚುಕ್ಕಿ ಗೆರೆಯನ್ನು 2 ಸೆಂ.ಮೀ ಎಡಕ್ಕೆ, 1 ಸೆಂ.ಮೀ ಎತ್ತರದಲ್ಲಿ ಕತ್ತರಿಸುತ್ತದೆ. 2 ಅಂದರೆ 10 ಸೆಂ.ಮೀ, ಕೊಟ್ಟಿದ್ದೂ ಅದೇ. ಎತ್ತರ ಮೂರನೇ ಒಂದು ಭಾಗ, ಸೂತ್ರದಲ್ಲೂ m = (-10)/(-30) = +1/3. ಬೆಳಕು ನಿಜವಾಗಿ ಹೋದ ದಾರಿಗೆ ತುಂಬು ಗೆರೆ ಮತ್ತು ಬಾಣ, ಹಿಂದಕ್ಕೆ ಎಳೆದದ್ದಕ್ಕೆ ಚುಕ್ಕಿ ಗೆರೆ ಮಾತ್ರ, ಬಾಣ ಬೇಡ. ಮಿಥ್ಯ ಪ್ರತಿಬಿಂಬವನ್ನೂ ಚುಕ್ಕಿಯಲ್ಲೇ ಬರೆಯಿರಿ.

ಪ್ರಶ್ನೆಯ ಪದಗಳೇ ಚಿಹ್ನೆ ಹೇಳುತ್ತವೆ

ಸಿಬಿಎಸ್‌ಇಯ ಹಳೇ ಪತ್ರಿಕೆಗಳಲ್ಲಿ ಬಂದಿರುವ ಒಂದು ಒಳ್ಳೆಯ ಪ್ರಶ್ನೆ ಹೀಗಿದೆ: ಮೇಣದಬತ್ತಿಯ ಜ್ವಾಲೆಯ ಪ್ರತಿಬಿಂಬವನ್ನು ಮಸೂರದ ಇನ್ನೊಂದು ಬದಿಯ ಪರದೆಯ ಮೇಲೆ ಪಡೆಯಲಾಗಿದೆ. ಪ್ರತಿಬಿಂಬ ಜ್ವಾಲೆಯ ಮೂರು ಪಟ್ಟು ದೊಡ್ಡದಿದೆ, ಮಸೂರದಿಂದ ಪ್ರತಿಬಿಂಬಕ್ಕೆ 80 ಸೆಂ.ಮೀ ದೂರ. ಮೇಣದಬತ್ತಿ ಎಷ್ಟು ದೂರದಲ್ಲಿರಬೇಕು?

ಇದರಲ್ಲಿ ಎಲ್ಲೂ ಪ್ಲಸ್, ಮೈನಸ್ ಅಂತ ಇಲ್ಲ. ಮಸೂರ ಯಾವುದು ಅಂತಲೂ ಹೇಳಿಲ್ಲ. ಆದರೆ "ಪರದೆಯ ಮೇಲೆ" ಅನ್ನುವ ಎರಡೇ ಪದದಲ್ಲಿ ಎಲ್ಲವೂ ಇದೆ. ಪರದೆಯ ಮೇಲೆ ಬಿದ್ದಿದೆ ಅಂದರೆ ಸತ್ಯ ಪ್ರತಿಬಿಂಬ. ಒಂದೇ ಮಸೂರದಲ್ಲಿ ಸತ್ಯ ಪ್ರತಿಬಿಂಬ ಯಾವಾಗಲೂ ತಲೆಕೆಳಗು, ಹಾಗಾಗಿ m = -3. ಇನ್ನೊಂದು ಬದಿ ಅಂದರೆ ಬಲಗಡೆ, v = +80. ನಿಮ್ನ ಮಸೂರ ಒಂಟಿಯಾಗಿ ವಸ್ತುವಿನ ಸತ್ಯ ಪ್ರತಿಬಿಂಬ ಕೊಡುವುದಿಲ್ಲ, ಆದ್ದರಿಂದ ಇದು ಪೀನ ಮಸೂರ.

```
m = v/u
-3 = 80/u
u = -80/3 = -26.67 cm (ಸುಮಾರು)

1/f = 1/v - 1/u = 1/80 + 3/80 = 4/80
f = +20 cm
```

"ಮೂರು ಪಟ್ಟು" ಅಂತ ಓದಿದ ತಕ್ಷಣ m = 3 ಅಂತ ಬರೆದವರಿಗೆ u = +26.67 ಬರುತ್ತದೆ. ಮೇಣದಬತ್ತಿ ಪರದೆಯ ಕಡೆಗೇ ಹೋಗಿ ಕೂತಿತು! u ಪ್ಲಸ್ ಬಂದರೆ ಅದು ಗಂಟೆ ಹೊಡೆದ ಹಾಗೆ, ಅಲ್ಲೇ ನಿಲ್ಲಿಸಿ ಹಿಂದೆ ನೋಡಿ. ಅಲ್ಲಿ ಸುಮ್ನೆ ಉತ್ತರಕ್ಕೆ ಒಂದು ಮೈನಸ್ ಅಂಟಿಸಿ ಮುಂದೆ ಹೋಗಬೇಡಿ. ಮೇಲಿನ 6ರ ಉದಾಹರಣೆಯಲ್ಲಿ ನೋಡಿದಿರಲ್ಲ, ಚಿಹ್ನೆ ತಿದ್ದಿದ ಮಾತ್ರಕ್ಕೆ ಅಂಕಿ ಸರಿಯಾಗುವುದಿಲ್ಲ.

ಪ್ರಶ್ನೆಯಿಂದ "ಪರದೆ" ಅನ್ನುವ ಪದ ತೆಗೆದುಬಿಟ್ಟರೆ ಏನಾಗುತ್ತದೆ? 20 ಸೆಂ.ಮೀ ಸಂಗಮದೂರದ ಪೀನ ಮಸೂರದಲ್ಲಿ ಮೂರು ಪಟ್ಟು ದೊಡ್ಡ ಪ್ರತಿಬಿಂಬ ಬೇಕು, ವಸ್ತು ಎಲ್ಲಿಡಬೇಕು ಅಂತ ಕೇಳಿದರೆ ಎರಡು ಉತ್ತರ ಇವೆ. m = -3 ಆದರೆ 26.67 ಸೆಂ.ಮೀ, ಸತ್ಯ ಪ್ರತಿಬಿಂಬ. m = +3 ಆದರೆ v = 3u, ಸೂತ್ರದಲ್ಲಿ ಹಾಕಿದರೆ u = -13.33, v = -40, ಮಿಥ್ಯ ಪ್ರತಿಬಿಂಬ. ಮೊದಲನೆಯದರಲ್ಲಿ ವಸ್ತು F1 ನ ಆಚೆ, ಎರಡನೆಯದರಲ್ಲಿ F1 ನ ಈಚೆ. ಭೂತಗನ್ನಡಿ ಹಿಡಿದು ಅಕ್ಷರ ಓದುವುದು ಎರಡನೇ ರೀತಿ. ಹಾಗಾಗಿ ಪ್ರಶ್ನೆ ಓದುವಾಗ ಪರದೆ, ತಲೆಕೆಳಗಾದ, ಸತ್ಯ, ಮಿಥ್ಯ, ನೇರ, ಅದೇ ಬದಿ ಅನ್ನುವ ಪದಗಳ ಕೆಳಗೆ ಗೆರೆ ಎಳೆಯಿರಿ. ಚಿಹ್ನೆ ಅಡಗಿರುವುದು ಅಲ್ಲೇ.

ಲೆಕ್ಕ ಬರೆಯುವಾಗ ಇನ್ನೊಂದು ವಿಷಯ ನೆನಪಿರಲಿ. ಗೊತ್ತಿರುವ ಅಂಕಿಗಳಿಗೆ ಮಾತ್ರ ಚಿಹ್ನೆ ಹಾಕಿ. ಕಂಡುಹಿಡಿಯಬೇಕಾದ್ದಕ್ಕೆ ಹಾಕಬೇಡಿ, ಅದರ ಚಿಹ್ನೆ ಉತ್ತರದಲ್ಲಿ ತಾನೇ ಬರುತ್ತದೆ. u ಕಂಡುಹಿಡಿಯಬೇಕಾದಾಗ "u ಯಾವಾಗಲೂ ಮೈನಸ್ ಅಲ್ವಾ" ಅಂತ ಸೂತ್ರದಲ್ಲಿ ಮೊದಲೇ -u ಅಂತ ಬರೆದರೆ ಒಂದೇ ಮೈನಸ್ಸನ್ನು ಎರಡು ಸಲ ಲೆಕ್ಕಕ್ಕೆ ಹಿಡಿದಂತಾಗುತ್ತದೆ. ಉತ್ತರ ಪ್ಲಸ್ 30 ಬರುತ್ತದೆ, ಆಮೇಲೆ ಏನು ಬರೆಯಬೇಕು ಅಂತ ಗೊತ್ತಾಗದೆ ಕೂರುತ್ತೀರಿ.

ಸಾಮರ್ಥ್ಯದ ಪ್ರಶ್ನೆಗಳಲ್ಲಿ ಹೊಸದೇನೂ ಇಲ್ಲ. P = 1/f, f ಮಾತ್ರ ಮೀಟರಿನಲ್ಲಿ ಇರಬೇಕು, f ನ ಚಿಹ್ನೆಯೇ P ಗೆ ಬರುತ್ತದೆ. -2 ಡಯಾಪ್ಟರ್ ಅಂದರೆ f = -0.5 ಮೀಟರ್, ನಿಮ್ನ ಮಸೂರ.

ಲೆಕ್ಕ ಮಾಡದೆ ಉತ್ತರಿಸಿ ಅಂದ ಪ್ರಶ್ನೆ

2017ರ ಸಿಬಿಎಸ್‌ಇ ಹತ್ತನೇ ತರಗತಿ ಪರೀಕ್ಷೆಯಲ್ಲಿ ಬಂದ ಒಂದು ಪ್ರಶ್ನೆ ನನಗೆ ತುಂಬಾ ಇಷ್ಟ. ಪೀನ ಮಸೂರದ ಪ್ರಯೋಗದಲ್ಲಿ ಸಿಕ್ಕ ಅಳತೆಗಳ ಪಟ್ಟಿ ಕೊಟ್ಟು, ಯಾವುದೇ ಲೆಕ್ಕ ಮಾಡದೆ ಉತ್ತರಿಸಿ ಅಂತ ಕೇಳಿದ್ದರು.

```
ಕ್ರ.ಸಂ.   u (cm)    v (cm)
1        -100      +25
2        -60       +30
3        -40       +40
4        -30       +60
5        -25       +100
6        -15       +120
```

ಮಸೂರದ ಸಂಗಮದೂರ ಎಷ್ಟು? ಯಾವ ಸಾಲು ತಪ್ಪು, ಯಾಕೆ? ಇವೆರಡು ಪ್ರಶ್ನೆಗಳು. ಆಮೇಲೆ ಯಾವುದಾದರೊಂದು ಪ್ರಮಾಣ ತಗೊಂಡು 2ನೇ ಸಾಲಿಗೆ ಕಿರಣಚಿತ್ರ ಬರೆದು ವರ್ಧನೆಯ ಅಂದಾಜು ಬೆಲೆ ಹೇಳಬೇಕು.

ಸೂತ್ರಕ್ಕೆ ಕೈ ಹಾಕದೆ ಪಟ್ಟಿಯನ್ನು ಸುಮ್ನೆ ನೋಡಿ. 3ನೇ ಸಾಲಿನಲ್ಲಿ ವಸ್ತು ಎಡಕ್ಕೆ 40, ಪ್ರತಿಬಿಂಬ ಬಲಕ್ಕೆ 40. ಎರಡೂ ದೂರ ಸಮ ಆಗುವುದು ವಸ್ತು 2F1 ನಲ್ಲಿ ಇದ್ದಾಗ, ಆಗ ಪ್ರತಿಬಿಂಬ 2F2 ನಲ್ಲಿ ಬೀಳುತ್ತದೆ. ಹಾಗಾದರೆ 2f = 40, f = +20. ಪೀನ ಮಸೂರದ ಕಿರಣಚಿತ್ರಗಳನ್ನು ನಿಜವಾಗಿ ಬರೆದು ಅಭ್ಯಾಸ ಮಾಡಿದವರಿಗೆ ಇದು ಹತ್ತು ಸೆಕೆಂಡಿನ ಕೆಲಸ.

f ಗೊತ್ತಾದ ಮೇಲೆ u ಕಾಲಂ ಮೇಲಿಂದ ಕೆಳಕ್ಕೆ ಓದಿ. 100, 60, 40, 30, 25, ಇವೆಲ್ಲ 20ಕ್ಕಿಂತ ಜಾಸ್ತಿ. ವಸ್ತು F1 ನ ಆಚೆ ಇದೆ, ಹತ್ತಿರ ಬಂದಂತೆ ಪ್ರತಿಬಿಂಬ ಬಲಕ್ಕೆ ದೂರ ದೂರ ಓಡುತ್ತಿದೆ, ಸರಿಯಾಗಿಯೇ ಇದೆ. ವಸ್ತು ಸರಿಯಾಗಿ 20ಕ್ಕೆ ಬಂದರೆ 1/v ಸೊನ್ನೆ ಆಗುತ್ತದೆ, ಕಿರಣಗಳು ಸಮಾಂತರವಾಗಿ ಹೋಗುತ್ತವೆ, ಪ್ರತಿಬಿಂಬ ಅನಂತ ದೂರದಲ್ಲಿ. 6ನೇ ಸಾಲಿನಲ್ಲಿ ವಸ್ತು 15ಕ್ಕೆ ಬಂದಿದೆ, ಅಂದರೆ F1 ದಾಟಿ ಮಸೂರದ ಕಡೆ ಒಳಗೆ ಬಂದಿದೆ. ಈಗ ಕಿರಣಗಳು ಬಲಗಡೆ ಸೇರುವುದೇ ಇಲ್ಲ, ಹಿಂದಕ್ಕೆ ಎಳೆದರೆ ಎಡಗಡೆ ಸೇರಿದಂತೆ ಕಾಣುತ್ತವೆ. v ಮೈನಸ್ ಇರಬೇಕಿತ್ತು, ಪಟ್ಟಿಯಲ್ಲಿ ಪ್ಲಸ್ ಇದೆ. ತಪ್ಪು ಸಾಲು ಇದೇ. ಮೇಲಿನ ಐದು ಸಾಲಿನಲ್ಲಿ v ಏರುತ್ತಾ ಬಂದಿದೆ, 100 ಆದ ಮೇಲೆ 120 ಬಂದದ್ದು ಸಹಜ ಅಂತ ಕಣ್ಣಿಗೆ ಅನಿಸುತ್ತದೆ. ಪ್ರಶ್ನೆ ತೆಗೆದವರು ಬೇಕೆಂದೇ ಹಾಗೆ ಇಟ್ಟಿದ್ದಾರೆ.

2ನೇ ಸಾಲಿನ ಚಿತ್ರಕ್ಕೆ 10 ಸೆಂ.ಮೀಗೆ 1 ಸೆಂ.ಮೀ ಪ್ರಮಾಣ ಸಾಕು. F ಗಳು 2 ಸೆಂ.ಮೀ ದೂರದಲ್ಲಿ, ವಸ್ತು 6 ಸೆಂ.ಮೀ ಎಡಕ್ಕೆ, ಪ್ರತಿಬಿಂಬ 3 ಸೆಂ.ಮೀ ಬಲಕ್ಕೆ, F2 ಮತ್ತು 2F2 ನಡುವೆ. ವಸ್ತುವಿನ ಎತ್ತರ 2 ಸೆಂ.ಮೀ ಬರೆದರೆ ಪ್ರತಿಬಿಂಬ 1 ಸೆಂ.ಮೀ, ಅಕ್ಷದ ಕೆಳಗೆ. m = -0.5. ಇಲ್ಲಿ 0.5 ಅಂತ ಮಾತ್ರ ಬರೆದು ಮೈನಸ್ ಬಿಟ್ಟರೆ ನಿಮ್ಮದೇ ಚಿತ್ರಕ್ಕೂ ನಿಮ್ಮ ಉತ್ತರಕ್ಕೂ ತಾಳೆಯಾಗುವುದಿಲ್ಲ.

6ನೇ ಸಾಲಿನ ಸರಿಯಾದ v ಎಷ್ಟು ಅಂತ ಪರೀಕ್ಷೆಯಲ್ಲಿ ಕೇಳಿರಲಿಲ್ಲ, ಮನೆಯಲ್ಲಿ ಮಾಡಿ ನೋಡಿ. 1/v = 1/20 - 1/15 = -1/60, ಅಂದರೆ v = -60, m = +4. ಪ್ರಯೋಗಾಲಯದಲ್ಲಿ ಈ -60 ಅನ್ನು ಪರದೆ ಹಿಡಿದು ಅಳೆಯಲು ಆಗುವುದೇ ಇಲ್ಲ, ಪರದೆಯನ್ನು ಬಲಗಡೆ ಎಷ್ಟು ದೂರ ಸರಿಸಿದರೂ ಮೇಣದಬತ್ತಿಯ ಸ್ಪಷ್ಟ ಪ್ರತಿಬಿಂಬ ಬೀಳುವುದಿಲ್ಲ. ಪರದೆ ತೆಗೆದು ಮಸೂರದ ಬಲಗಡೆಯಿಂದ ಕಣ್ಣಿಟ್ಟು ನೋಡಿದರೆ ಮಾತ್ರ ನಾಲ್ಕು ಪಟ್ಟು ದೊಡ್ಡದಾದ, ನೇರವಾದ ಜ್ವಾಲೆ ಕಾಣುತ್ತದೆ.